ಪದಚರ್ಚೆ: ಶೇರ್ ಲಿಂಕಿನ ‘ಯಾರಾದರೂ’, ‘ಸಂಸ್ಥೆಯವರು’, ‘ಇಂಥವರು’

ಎಲ್ಲರಿಗೂ ನಮಸ್ಕಾರ. ಶೇರ್‌ಪಾಯಿಂಟ್ ಬಳಸೋರಿಗೆ ಒಂದು ಕನ್ನಡ ಕೈಪಿಡಿ ಬರೀತಿದೀನಿ. ಫೈಲ್ ಶೇರ್ ಮಾಡುವಾಗ ಬರೋ `Anyone`, `People in your organization`, `Specific people` ಇವಕ್ಕೆ ‘ಯಾರಾದರೂ’, ‘ಸಂಸ್ಥೆಯ ಎಲ್ಲರೂ’, ‘ನಿರ್ದಿಷ್ಟ ವ್ಯಕ್ತಿಗಳು’ ಅಂತ ಹಾಕಿದ್ದೆ. ಕರಡು ಓದಿದ ಒಬ್ರು ಎರಡನೇದನ್ನ ನೋಡಿ, ಇದು ಒತ್ತಿದ್ರೆ ಇಡೀ ಆಫೀಸಿಗೆ ಫೈಲ್ ಹೋಗಿಬಿಡುತ್ತಾ ಅಂತ ಗಾಬರಿಯಾಗಿ ಕೇಳಿದ್ರು. ಬೇರೆ ಪದ ಇದ್ರೆ ಹೇಳಿ.

---

ನನಗೆ ಮೊದಲು ‘ಲಿಂಕ್’ ಅನ್ನೋದೇ ಒಪ್ಪಿಗೆಯಿಲ್ಲ, ‘ಕೊಂಡಿ’ ಅಂತ ಚೆಂದದ ಪದ ಇದೆಯಲ್ಲ.

---

ಕೊಂಡಿ ಆಮೇಲೆ ನೋಡೋಣ ಸರ್ :) ತಪ್ಪು ಇರೋದು ‘ಎಲ್ಲರೂ’ದಲ್ಲಿ. ಆ ಲಿಂಕ್ ಮಾಡಿದ ಮಾತ್ರಕ್ಕೆ ಯಾರಿಗೂ ಫೈಲ್ ಹೋಗಲ್ಲ, ಹುಡುಕಿದ್ರೂ ಸಿಗಲ್ಲ, ಲಿಂಕ್ ಕೈಗೆ ಬಂದು ಆಫೀಸ್ ಅಕೌಂಟಲ್ಲಿ ಲಾಗಿನ್ ಆಗಿ ಅದನ್ನ ತೆಗೆದವರಿಗಷ್ಟೇ ಸಿಗುತ್ತೆ. ಹಾಗಾಗಿ ‘ಲಿಂಕ್ ಸಿಕ್ಕ ಸಂಸ್ಥೆಯವರು’ ಅನ್ನಿ. ಮೊದಲನೇದು ‘ಲಿಂಕ್ ಸಿಕ್ಕ ಯಾರು ಬೇಕಾದರೂ’, ಅದಕ್ಕೆ ಲಾಗಿನ್ನೂ ಬೇಡ, ಅದಕ್ಕೇ ಯಾರು ನೋಡಿದ್ರು ಅಂತ ಹೆಸರು ಹಿಡಿಯೋಕಾಗಲ್ಲ. ಮೂರನೇದು ‘ಇಂಥವರು ಮಾತ್ರ’. ಮೊದಲೆರಡರಲ್ಲಿ ಲಿಂಕೇ ಬೀಗದಕೈ, ಮೂರನೇದರಲ್ಲಿ ಹೆಸರು ಬೀಗದಕೈ.

---

ಮೂರನೇದನ್ನೂ ಫಾರ್ವರ್ಡ್ ಮಾಡಬಹುದಲ್ಲ, ಹಾಗಾದ್ರೆ ‘ಮಾತ್ರ’ ಹೇಗೆ ಸರಿ?

---

ಫಾರ್ವರ್ಡ್ ಮಾಡಬಹುದು, ಆದರೆ ಪಟ್ಟಿಯಲ್ಲಿ ಇಲ್ಲದವರಿಗೆ ಅದು ತೆರೆಯಲ್ಲ. ‘ಮಾತ್ರ’ ಇರಲಿ.

---

ನಮ್ಮಲ್ಲಿ ಆದದ್ದು ಹೇಳ್ತೀನಿ. ಖರ್ಚಿನ ಶೀಟನ್ನ ಹೊರಗಿನ ಆಡಿಟರ್‌ಗೆ ಕಳಿಸಬೇಕಿತ್ತು, ನಾನು ಸಂಸ್ಥೆಯ ಲಿಂಕ್ ಕಳಿಸಿದೆ, ಅವರು ನಮ್ಮ ಅಕೌಂಟಿನವರಲ್ಲ ಹಾಗಾಗಿ ತೆರೆಯಲಿಲ್ಲ, ಅರ್ಜೆಂಟು ಅಂತ ‘ಯಾರಾದರೂ’ ಮಾಡಿ ಎಡಿಟ್ ಸಮೇತ ಕಳಿಸಿದೆ, ಅವರ ಕೆಲಸ ಆಯ್ತು. ಸಂಜೆ ಸೆಟ್ಟಿಂಗಲ್ಲಿ ‘ಇಂಥವರು’ ಅಂತ ಬದಲಾಯಿಸಿ ನಿಶ್ಚಿಂತೆಯಾಗಿದ್ದೆ. ವಾರ ಕಳೆದು ನೋಡಿದ್ರೆ ಹಳೇ ಲಿಂಕ್ ಇನ್ನೂ ಜೀವಂತ! ಬದಲಾಯಿಸಿದ್ರೆ ಹೊಸ ಲಿಂಕ್ ಹುಟ್ಟುತ್ತೆ ಅಷ್ಟೇ, ಹಳೇದು ತಾನಾಗಿ ಸಾಯಲ್ಲ. `Manage access` ಒಳಗೆ ಹೋಗಿ ಅದನ್ನೇ ಅಳಿಸಬೇಕು. ಆದ್ದರಿಂದ ಕೈಪಿಡಿಯಲ್ಲಿ ‘ಲಿಂಕ್ ಬದಲಿಸಿ’ ಅಂತ ಬರೀಬೇಡಿ, ‘ಹೊಸ ಲಿಂಕ್ ಮಾಡಿ, ಹಳೇದನ್ನ ಅಳಿಸಿ’ ಅಂತ ಬರೀರಿ. ಹೊರಗಿನವರು ಒಬ್ಬಿಬ್ಬರೇ ಆದ್ರೆ ಮೊದಲೇ ಮೂರನೇದನ್ನ ಆರಿಸಿ.

---

ನಮ್ಮಲ್ಲಿ `Anyone` ಮಸುಕಾಗಿರುತ್ತೆ, ಒತ್ತೋಕೇ ಬರಲ್ಲ. ನನ್ನ ಕಂಪ್ಯೂಟರ್ ಹಾಳಾಗಿದೆಯಾ?

---

ಹಾಳಾಗಿಲ್ಲ, ಅಡ್ಮಿನ್ ಮುಚ್ಚಿಟ್ಟಿರ್ತಾರೆ, ಅವರನ್ನೇ ಕೇಳಿ.

---

‘ಲಿಂಕ್ ಸಿಕ್ಕ ಸಂಸ್ಥೆಯವರು’ ಅಂದ್ರೆ ಸಂಸ್ಥೆಗೇ ಲಿಂಕ್ ಸಿಕ್ಕಿದ ಹಾಗೆ ಕೇಳಿಸುತ್ತಪ್ಪಾ. ‘ಸಂಸ್ಥೆಯೊಳಗೆ ಲಿಂಕ್ ಸಿಕ್ಕವರು’ ಅನ್ನಬಾರದಾ?

---

ಇದು ಹಿಡಿಸಿತು, ಬಟನ್ನಿನ ಮೇಲೆ ಹಿಡಿಸುತ್ತೋ ಗೊತ್ತಿಲ್ಲ. ‘ಇಂಥವರು ಮಾತ್ರ’ವನ್ನ ಹಾಗೇ ತಗೋತೀನಿ. ಕೊಂಡಿ ವಿಷಯಕ್ಕೆ ಇನ್ನೂ ಯಾರಾದ್ರೂ ಬರ್ತೀರಾ?