ಕೊರಿಯರ್‌ನಲ್ಲಿ ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದು ಬಂದಿದೆ, ಈ ಮೇಲ್ ಸಾಕಾ?

ಹಳೇಕೀಬೋರ್ಡ್: ಅಣ್ಣ ಕಳಿಸಿದ ಲ್ಯಾಪ್‌ಟಾಪ್ ಇವತ್ತು ಬಂತು. ಸ್ಕ್ರೀನ್‌ನ ಬಲಗಡೆ ಕೆಳಮೂಲೆಯಿಂದ ಬಿರುಕು ಹರಡಿದೆ. ಆನ್ ಮಾಡಿದರೆ ಅರ್ಧ ಕಪ್ಪು, ಮಿಕ್ಕಿದ್ದು ಬರೀ ಗೆರೆ. ಡಬ್ಬದ ಒಂದು ಮೂಲೆಯೂ ಜಜ್ಜಿಹೋಗಿದೆ. "ನಿಮ್ಮ ಬೇಜವಾಬ್ದಾರಿಯಿಂದ ಲ್ಯಾಪ್‌ಟಾಪ್ ಹಾಳಾಗಿದೆ, ಫೋಟೋ ನೋಡಿ, ಕೂಡಲೇ ದುಡ್ಡು ಕೊಡಿ" ಅಂತ ಬರೆದಿದ್ದೇನೆ. ಸಾಕಾ?

ನೀಲಿಬಾಗಿಲು: ತಗೊಳ್ಳುವಾಗ ಸೈನ್ ಹಾಕಿದ್ರಿ ಅಲ್ವಾ? ಹಾಗಾದರೆ ಮುಗೀತು, ಸುಮ್ನೆ ಬಿಟ್ಟುಬಿಡಿ.

ವೈರುಬಳ್ಳಿ: ಡಿಸ್‌ಪ್ಲೇ ಕೇಬಲ್ ಸಡಿಲ ಆಗಿರಬಹುದು. ನನ್ನದಕ್ಕೂ ಗೆರೆ ಬರ್ತಿತ್ತು, ಬಿಚ್ಚಿ ಮತ್ತೆ ಸಿಕ್ಕಿಸಿದ ಮೇಲೆ ಸರಿಹೋಯ್ತು.

ತಿರುಪುಡಬ್ಬಿ: ಬಿರುಕು ಕಣ್ಣಿಗೇ ಕಾಣುತ್ತಿದೆ, ಕೇಬಲ್ ಅಲ್ಲ. ದಯವಿಟ್ಟು ಈಗ ಬಿಚ್ಚಬೇಡಿ. ಬಿಚ್ಚಿದರೆ ನೀವೇ ಒಡೆದಿರಿ ಅನ್ನೋಕೆ ದಾರಿ ಆಗುತ್ತೆ. ಬೇರೆ ಮಾನಿಟರ್‌ಗೆ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸರಿಯಾಗಿ ಬಂದರೆ ಹೋಗಿರುವುದು ಪ್ಯಾನೆಲ್ ಮಾತ್ರ ಅಂತ ಹೇಳಬಹುದು.

ಸೈನ್ ಹಾಕಿದ್ದರೆ ವಾದ ಕಷ್ಟ ಆಗುತ್ತೆ, ನಿಜ. ಆದರೆ ಒಳಗಿನ ಪೆಟ್ಟು ಡಬ್ಬ ತೆರೆಯದೆ ಹೇಗೆ ಕಾಣುತ್ತೆ? ಅದಕ್ಕೇ ಇವತ್ತೇ ಮೇಲ್ ಹಾಕಿ. ದೂರು ಕೊಡಲು ಗಡುವು ಇರುತ್ತೆ, ರಸೀದಿಯ ಷರತ್ತು ಓದಿ.

ನಿಮ್ಮ ಮೇಲ್‌ನಲ್ಲಿ ಸಿಟ್ಟಿದೆ, ಸಾಕ್ಷಿ ಇಲ್ಲ. ಡಬ್ಬದ ಪೆಟ್ಟಿಗೂ ಬಿರುಕಿಗೂ ಇರುವ ನಂಟನ್ನು ತೋರಿಸಬೇಕು. ಹೀಗೆ ಬರೆಯಿರಿ:

> ವಿಷಯ: ಟ್ರ್ಯಾಕಿಂಗ್ ನಂಬರ್ ____, ಸಾಗಣೆಯಲ್ಲಿ ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದ ಬಗ್ಗೆ
>
> ಈ ಪಾರ್ಸೆಲ್ ____ರಂದು ನನಗೆ ತಲುಪಿದೆ. ಫೋಟೋ 1ರಲ್ಲಿ ನಿಮ್ಮ ಲೇಬಲ್ ಮತ್ತು ಜಜ್ಜಿದ ಮೂಲೆ ಒಟ್ಟಿಗೆ ಕಾಣುತ್ತವೆ. ಫೋಟೋ 2ರಲ್ಲಿ ಅದೇ ಮೂಲೆಯ ಫೋಮ್ ಒಡೆದಿದೆ. ಫೋಟೋ 3ರಲ್ಲಿ ಬಿರುಕು ಶುರುವಾಗಿರುವುದೂ ಅದೇ ಮೂಲೆಯಲ್ಲಿ. ಫೋಟೋ 4 ಪ್ಯಾಕ್ ಮಾಡುವ ಮುಂಚಿನದು, ಸ್ಕ್ರೀನ್ ಸರಿಯಾಗಿದೆ. ಡಬ್ಬ, ಫೋಮ್, ಟೇಪ್ ಎಲ್ಲವನ್ನೂ ಹಾಗೇ ಇಟ್ಟಿದ್ದೇನೆ. ನಿಮ್ಮವರು ಬಂದು ನೋಡಬಹುದು. ಪ್ಯಾನೆಲ್ ಬದಲಿಸುವ ಖರ್ಚಿನ ಅಂದಾಜು ಲಗತ್ತಿಸಿದ್ದೇನೆ. ದೂರಿನ ನಂಬರ್ ತಿಳಿಸಿ.

ಫೋಟೋಗಳನ್ನು ಫೋನ್‌ನಿಂದ ನೇರವಾಗಿ ಲಗತ್ತಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿಕೊಂಡರೆ ಅದು ಕುಗ್ಗುತ್ತೆ, ತೆಗೆದ ಸಮಯದ ವಿವರವೂ ಅಳಿಸಿಹೋಗುತ್ತೆ. ಬಿರುಕಿನ ಫೋಟೋ ಎರಡು ಬೇಕು. ಒಂದು ಆನ್ ಮಾಡಿ, ಇನ್ನೊಂದು ಆಫ್ ಮಾಡಿ ಟಾರ್ಚನ್ನು ಓರೆಯಾಗಿ ಹಿಡಿದು. ಎರಡನೆಯದರಲ್ಲಿ ಬಿರುಕಿನ ಬುಡ ಚೆನ್ನಾಗಿ ಕಾಣುತ್ತೆ.

ಹಳೇಕೀಬೋರ್ಡ್: ಮಾನಿಟರ್‌ನಲ್ಲಿ ಚಿತ್ರ ಸರಿಯಾಗಿ ಬಂತು! ಅಣ್ಣನ ಹತ್ತಿರ ಮುಂಚಿನ ಫೋಟೋನೂ ಇದೆ. ಆದರೆ ಚಾರ್ಜರನ್ನು ಲ್ಯಾಪ್‌ಟಾಪ್ ಮುಚ್ಚಳದ ಮೇಲೇ ಇಟ್ಟು ಪ್ಯಾಕ್ ಮಾಡಿದ್ದಾನಂತೆ. ಮಧ್ಯದಲ್ಲಿ ಸಣ್ಣ ಗೀರು ಇದೆ.

ತಿರುಪುಡಬ್ಬಿ: ಅದನ್ನೇ ಅವರು ಹಿಡಿದುಕೊಳ್ಳಬಹುದು, ಪ್ಯಾಕಿಂಗ್ ಸರಿ ಇಲ್ಲ ಅಂತ. ಚಾರ್ಜರ್ ಒತ್ತಿ ಒಡೆದಿದ್ದರೆ ಬಿರುಕು ಆ ಗೀರಿನ ಹಿಂದೆ ಶುರುವಾಗಬೇಕಿತ್ತು. ನಿಮ್ಮದು ಮೂಲೆಯಿಂದ ಬಂದಿದೆ. ಗೀರಿನ ಫೋಟೋನೂ ಹಾಕಿ, ಮುಚ್ಚಿಡಬೇಡಿ. ಇನ್ನೊಂದು, ಬುಕ್ ಮಾಡಿದವರು ಅಣ್ಣ ಅಲ್ವಾ? ಕಳಿಸಿದವರೇ ದೂರು ಕೊಡಬೇಕು ಅಂತ ಎಷ್ಟೋ ಕಂಪನಿಗಳು ಕೇಳುತ್ತವೆ. ಮೇಲ್ ಅವರಿಂದ ಹೋಗಲಿ, ನಿಮಗೆ ಕಾಪಿ ಇರಲಿ.

ನೀಲಿಬಾಗಿಲು: ಬುಕ್ ಮಾಡುವಾಗ ವಸ್ತುವಿನ ಬೆಲೆ ಬರೆಸಿದ್ದರಾ? ನಾನು ಬರೆಸಿರಲಿಲ್ಲ, ಪುಡಿಗಾಸು ಕೊಟ್ಟು ಕೈತೊಳೆದುಕೊಂಡರು.

ಹಳೇಕೀಬೋರ್ಡ್: ಗೊತ್ತಿಲ್ಲ. ರಸೀದಿ ಅಣ್ಣನ ಹತ್ತಿರವೇ ಇದೆ, ಕೇಳಿ ಹೇಳುತ್ತೇನೆ.