ಪದ ಬೇಕು: ಕಾಗುಣಿತ ಪಟದ ಮೊದಲ ಕಾಲಂಗೆ ಏನಂತ ಹೆಸರು?

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ನಾಳೆ ಬೆಳಗ್ಗೆ ಪಟ ಅಚ್ಚಿಗೆ ಹೋಗುತ್ತದೆ.

ಚಿಕ್ಕ ಮಕ್ಕಳಿಗೆ ಕಾಗುಣಿತದ ಗೋಡೆಪಟ ಮಾಡುತ್ತಿದ್ದೇನೆ. ಎಡಗಡೆ ಕವರ್ಗದಿಂದ ಪವರ್ಗದ ತನಕ ವರ್ಗಕ್ಕೊಂದು ಬಣ್ಣ, ಅದರ ಕೆಳಗೆ ಯ ಇಂದ ಳ ವರೆಗೆ. ಒಟ್ಟು 34 ಸಾಲು, 15 ಕಾಲಂ. ಕಾಲಂಗಳ ತಲೆಯ ಮೇಲೆ ಇಳಿ, ಗುಡಿಸು, ಕೊಂಬು ಅಂತ ಹೆಸರುಗಳಿವೆ. ಮೊದಲ ಕಾಲಂಗೆ ರೂಢಿಯಂತೆ 'ತಲೆಕಟ್ಟು' ಎಂದು ಹಾಕಿದ್ದೆ. ಕರಡು ನೋಡಿದವರೊಬ್ಬರು ಜ, ಬ, ಲ ಮೇಲೆ ಬೆರಳಿಟ್ಟು "ಇವಕ್ಕೆ ತಲೆಕಟ್ಟು ಎಲ್ಲಿದೆ?" ಅಂದರು. ಹೌದಲ್ವಾ! 34 ಸಾಲಿಗೂ ಒಪ್ಪುವ ಒಂದು ಪದ ಇದೆಯಾ?
– ಸು.

---

ತಲೆಕಟ್ಟು ಅಂತಲೇ ಇರಲಿ. "ಜ ತಲೆಕಟ್ಟು ಜ" ಎಂದೇ ನಾವೆಲ್ಲ ಬಾಯಿಪಾಠ ಮಾಡಿದ್ದು. ಮೂರು ಅಕ್ಷರಕ್ಕೋಸ್ಕರ ಹೆಸರು ಬದಲಿಸಬೇಕಾಗಿಲ್ಲ.
– ವೆಂ.

---

ಮೂರಲ್ಲ, ಎಂಟು. ಖ, ಙ, ಜ, ಞ, ಟ, ಣ, ಬ, ಲ.

ಸು. ಅವರೇ, ತೊಡಕು ಈ ಎಂಟಕ್ಕೇ ಮುಗಿಯುವುದಿಲ್ಲ. ನಿಮ್ಮ ಕವರ್ಗದ ಮೊದಲ ಸಾಲನ್ನೇ ಎಡದಿಂದ ಬಲಕ್ಕೆ ನೋಡಿ. ಕಿ ಬಂದಾಗ ತಲೆಕಟ್ಟು ಹೋಗಿ ಆ ಜಾಗದಲ್ಲಿ ಗುಡಿಸು ಕೂರುತ್ತದೆ. ಕೆ ಬಂದಾಗಲೂ ಅಷ್ಟೇ, ಅಲ್ಲಿ ಎತ್ವ. ಆದರೆ ಕು, ಕೂ, ಕೃ ನೋಡಿ. ಅಕಾರದ ಉಚ್ಚಾರ ಹೋಗಿದೆ, ತಲೆಕಟ್ಟು ಮಾತ್ರ ಹಾಗೇ ಇದೆ. ಅಂದರೆ ಅಕಾರ ಇದ್ದ ಕಡೆ ತಲೆಕಟ್ಟು ಇಲ್ಲದಿರಬಹುದು (ಬ), ಇಲ್ಲದ ಕಡೆ ಇರಬಹುದು (ಕು). ಮಗು ಮೊದಲ ಕಾಲಂನಲ್ಲಿ ಆ ಹೆಸರು ಕಲಿತು, ಆಮೇಲೆ ಕು ಮೇಲೆ ಅದೇ ಗೆರೆ ಕಂಡರೆ ಏನು ತಿಳಿದುಕೊಳ್ಳಬೇಕು?

ಗೆರೆಗೆ ಹೆಸರಿಡುವ ಬದಲು ಉಚ್ಚಾರಕ್ಕೆ ಹೆಸರಿಡಿ. ಎತ್ವ, ಒತ್ವ ಇದ್ದ ಹಾಗೆ 'ಅತ್ವ' ಅನ್ನಬಹುದು. ಇನ್ನೂ ಒಳ್ಳೆಯದು, ಎಲ್ಲ ಕಾಲಂಗಳ ಮೇಲೂ ಸ್ವರವನ್ನೇ ದಪ್ಪಗೆ ಬರೆದು (ಅ, ಆ, ಇ, ಈ), ಚಿಹ್ನೆಯ ಹೆಸರನ್ನು ಅದರ ಕೆಳಗೆ ಸಣ್ಣದಾಗಿ ಕೊಡಿ.
– ಕೃ.

---

ಅತ್ವ ಬೇಡವೇ ಬೇಡ. '-ತ್ವ' ಸಂಸ್ಕೃತದ ಬಾಲ. ಸಂಸ್ಕೃತದಲ್ಲಿ ಗಿಡ್ಡ ಎ, ಒ ಇಲ್ಲವೇ ಇಲ್ಲ. ನಮ್ಮದೇ ಎರಡು ಸ್ವರಗಳಿಗೆ ಅಲ್ಲಿಯ ಬಾಲ ಕಟ್ಟಿ ಎತ್ವ, ಒತ್ವ ಮಾಡಿದ್ದೇ ತಪ್ಪು. ಈಗ ಇನ್ನೊಂದು ಬಾಲವೇ? ಇಳಿ, ಕೊಂಬು, ಗುಡಿಸು, ಸುಳಿ, ಸೊನ್ನೆ ಎಲ್ಲವೂ ಕಣ್ಣಿಗೆ ಕಂಡದ್ದನ್ನು ಹೇಳುವ ಕನ್ನಡದ ಮಾತುಗಳು. ಮೊದಲ ಕಾಲಂಗೆ 'ಬರಿ' ಅನ್ನಿ: ಬರಿ ಕ, ಬರಿ ಜ. ಪಟದ ಹೆಸರಿನಲ್ಲಿರುವ 'ಗುಣಿತ'ವನ್ನೂ ತೆಗೆದು 'ಕಾಮಗ್ಗಿ' ಎಂದಿಡಿ. ಮಹಾಪ್ರಾಣದ ಹತ್ತು ಸಾಲು ತೆಗೆದರೆ ಜಾಗವೂ ಸಿಗುತ್ತದೆ.
– ಚಂ.

---

ಕೇಳಿದ್ದು ಒಂದು ಕಾಲಂಗೆ ಹೆಸರು. ಹತ್ತು ಸಾಲು ತೆಗೆಯಿರಿ ಅಂತ ಯಾರು ಕೇಳಿದರು? 'ಗುಣಿತ' ಎಲ್ಲಿಂದ ಬಂದರೂ ಇವತ್ತು 'ಕಾಗುಣಿತ ತಪ್ಪಿದೆ' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತೆಲುಗಿನವರೂ ಗುಣಿಂತಂ ಅಂತಾರೆ. ಇನ್ನು 'ಬರಿ ಕ' ಅಂದರೆ ನನಗೆ ನೆನಪಾಗುವುದು ಕ್.
– ಕೃ.

---

ನನ್ನ ಮಗಳಿಗೂ ಇದೇ ತೊಂದರೆ ಇತ್ತು. ಅವಳು ಮ ನೋಡಿ 'ವು' ಅಂತ ಓದುತ್ತಿದ್ದಳು. ಕು, ತು, ನು ಎಲ್ಲದಕ್ಕೂ ಕೊಂಬು ಬಲಗಡೆ ಬರುತ್ತದೆ. ಹಾಗೆ ವ ಗೂ ಬಲಗಡೆ ಕೊಂಬು ಹಾಕಿದರೆ ಮ ಆಗುತ್ತದೆ, ಅಲ್ವಾ? ವು ನಲ್ಲಿ ಅದು ಕೆಳಗಿಳಿಯುತ್ತದೆ ಅಂತ ನಾನು ಬೆರಳಿನಿಂದ ತಿದ್ದಿಸಿದ ಮೇಲೆ ಸರಿಹೋಯಿತು. ಪು, ಫು ಕೂಡ ಹೀಗೇ. ಆ ಮೂರು ಮನೆಗಳಿಗೆ ಬೇರೆ ಬಣ್ಣ ಕೊಡಿ.
– ಲ.

---

ಇದು ಬೇರೆ ವಿಷಯ. ಆದರೆ ಮಾತು ಸರಿ. ಮಿ ಕೂಡ ನೋಡಿ: ಗುಡಿಸು ಕೂರುವುದು ವ ದಂತಿರುವ ಭಾಗದ ಮೇಲೆ, ಬಲಗಡೆಯ ಕೊಂಡಿ ಆಮೇಲೆ.
– ಕೃ.

---

ಎಲ್ಲರಿಗೂ ಧನ್ಯವಾದ. ಮೇಲೆ ಸ್ವರ, ಕೆಳಗೆ ಚಿಹ್ನೆಯ ಹೆಸರು, ಇದನ್ನೇ ಮಾಡುತ್ತೇನೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಚಿಹ್ನೆಯನ್ನು ಒಂಟಿಯಾಗಿ ಟೈಪ್ ಮಾಡಿದರೆ ಪಕ್ಕದಲ್ಲಿ ಚುಕ್ಕೆಗಳ ಉಂಗುರ ಬರುತ್ತಿತ್ತು, ಅದೂ ಒಂದು ಅಕ್ಷರ ಅಂತ ಮಕ್ಕಳು ಓದಲು ನೋಡುತ್ತಿದ್ದರು. ಈಗ ಅದು ಬೇಕಿಲ್ಲ. ಮೊದಲ ಕಾಲಂ ಮೇಲೆ ಬರೀ ಅ ಇರುತ್ತದೆ, ಕೆಳಗೆ ಹೆಸರಿಲ್ಲ. ವು, ಪು, ಫು ಮನೆಗಳಿಗೆ ಬಣ್ಣ ಕೊಟ್ಟೆ. ಮಹಾಪ್ರಾಣ ಇರುತ್ತವೆ.
– ಸು.

---

ತಲೆಕಟ್ಟು ಅನ್ನುವ ಹೆಸರೇ ಇಲ್ಲದ ಕಾಗುಣಿತ! ಮನೆಯಲ್ಲಿ ಅಜ್ಜಿ ಹೇಳಿಕೊಡುವುದು ಒಂದು, ಗೋಡೆಯ ಮೇಲೆ ಇರುವುದು ಇನ್ನೊಂದು. ನಾನು ಒಪ್ಪುವುದಿಲ್ಲ.
– ವೆಂ.

---

ಅ ಕೆಳಗೆ ಜಾಗ ಖಾಲಿ ಬಿಡುತ್ತೀರಿ ಅಂದಮೇಲೆ ಅದು 'ಬರಿ' ತಾನೆ? ಇರಲಿ. ಏಳನೆಯ ಕಾಲಂಗೆ ಏನು ಹಾಕಿದ್ದೀರಿ, ವಟ್ರಸುಳಿಯೋ ವಟ್ರುಸುಳಿಯೋ?
– ಚಂ.

---

ವಟ್ರಸುಳಿ ಅಂತ ಹಾಕಿದ್ದೇನೆ. ತಪ್ಪಾ? ಬೆಳಗ್ಗೆ ಎಂಟರೊಳಗೆ ಹೇಳಿ.
– ಸು.