ವರ್ಷದ ಎಎಂಸಿಯಲ್ಲಿ ‘ಅಪ್‌ಡೇಟ್’ ಅಂದ್ರೆ ಯಾವುದು?

ಕೇಳಿದವರು: ಒಂದು ಸಣ್ಣ ಕಂಪನಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಈಗ ವರ್ಷದ ಎಎಂಸಿ, ಅಂದರೆ ಸೈಟ್ ನೋಡಿಕೊಳ್ಳುವ ಒಪ್ಪಂದ, ಕೇಳುತ್ತಿದ್ದಾರೆ. ‘ತಿಂಗಳಿಗೆ 2 ಗಂಟೆ ಸಪೋರ್ಟ್ ಮತ್ತು ಅಪ್‌ಡೇಟ್’ ಅಂತ ಬರೆದರೆ ಸಾಕಾ?

ಹಳೇ ಫ್ರೀಲಾನ್ಸರ್: ನಾನು ಹೀಗೇ ಬರೆದು ಸಿಕ್ಕಿಬಿದ್ದೆ. ನನ್ನ ತಲೆಯಲ್ಲಿ ಅಪ್‌ಡೇಟ್ ಅಂದರೆ ವರ್ಡ್‌ಪ್ರೆಸ್, ಪ್ಲಗಿನ್, ಥೀಮ್. ಮಾಲೀಕರ ತಲೆಯಲ್ಲಿ ಹೊಸ ಫೋಟೊ, ಬದಲಾದ ದರ. ಎರಡನೇ ತಿಂಗಳೇ 40 ಫೋಟೊ ಬಂದವು, ‘ಅಪ್‌ಡೇಟ್ ಒಪ್ಪಂದದಲ್ಲೇ ಇದೆ ಅಲ್ವಾ?’ ಅಂತ. ತಪ್ಪು ಅವರದಲ್ಲ.

ಈಗ ಎರಡನ್ನೂ ಬೇರೆ ಬೇರೆ ಬರೆಯುತ್ತೇನೆ. ಸಾಫ್ಟ್‌ವೇರ್ ಅಪ್‌ಡೇಟ್ ತಿಂಗಳಿಗೊಮ್ಮೆ, ಅದು ಗಂಟೆ ಲೆಕ್ಕಕ್ಕೆ ಸೇರಲ್ಲ. ಮೊದಲು ಬ್ಯಾಕಪ್, ಆಮೇಲೆ ಸೈಟಿನ ನಕಲಿನ ಮೇಲೆ ಪ್ರಯೋಗ, ಕೊನೆಗೆ ಲೈವ್. ಮುಗಿದ ಮೇಲೆ ಸಂಪರ್ಕ ಫಾರ್ಮ್ ತುಂಬಿ, ಮೇಲ್ ಬಂತಾ ಅಂತ ನೋಡುತ್ತೇನೆ. ಸೈಟ್ ಚೆನ್ನಾಗಿ ಕಾಣುತ್ತಿದ್ದರೂ ಕೆಲವೊಮ್ಮೆ ಫಾರ್ಮ್ ಸತ್ತಿರುತ್ತದೆ, ವಾರಗಟ್ಟಲೆ ಯಾರಿಗೂ ಗೊತ್ತಾಗಲ್ಲ. ಸೆಕ್ಯುರಿಟಿ ಪ್ಯಾಚ್ ಬಂದರೆ ಮಾತ್ರ ತಿಂಗಳು ಕಾಯುವುದಿಲ್ಲ. ಫೋಟೊ, ಬರಹದ ಬದಲಾವಣೆ ಎಲ್ಲ ಆ 2 ಗಂಟೆಯೊಳಗೆ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಉಳಿದ ಗಂಟೆ ಮುಂದಿನ ತಿಂಗಳಿಗೆ ಹೋಗುತ್ತದೆ ಅಂತ ಹಾಕಿ, ಗಿರಾಕಿಗೂ ಖುಷಿ. 4 ಗಂಟೆಯೊಳಗೆ ಸರಿಮಾಡುತ್ತೇನೆ ಅಂತಲೂ ಬರೀರಿ.

ಹಳೇ ಫ್ರೀಲಾನ್ಸರ್: ಮುಂದಕ್ಕೆ ಹೋಗಲಿ, ಆದರೆ ಒಂದೇ ತಿಂಗಳ ಮಟ್ಟಿಗೆ. ನನ್ನ ಒಬ್ಬ ಗಿರಾಕಿ 10 ತಿಂಗಳಲ್ಲಿ 20 ಗಂಟೆಗೆ ಬಳಸಿದ್ದು ಬರೀ 6. ಹನ್ನೊಂದನೇ ತಿಂಗಳು ‘14 ಗಂಟೆ ಬಾಕಿ ಇದೆ, ಬುಕಿಂಗ್ ಪುಟ ಮಾಡಿಕೊಡಿ, ಈ ವಾರವೇ’ ಅಂದರು. ಮಾಡಿಕೊಟ್ಟೆ, ಬೇರೆ ಕೆಲಸ ಹಾಳಾಯಿತು. ಒಂದು ತಿಂಗಳ ಮಿತಿ ಇದ್ದಿದ್ದರೆ ಕೈಯಲ್ಲಿ 4 ಗಂಟೆಗಿಂತ ಜಾಸ್ತಿ ಇರುತ್ತಿರಲಿಲ್ಲ. ಹೊಸ ಪುಟಕ್ಕೆ ಬೇರೆ ಕೊಟೇಶನ್ ಅಂತಲೂ ಬರೆಯಿರಿ.

4 ಗಂಟೆಯಲ್ಲಿ ಉತ್ತರ ಕೊಡುತ್ತೇನೆ ಅನ್ನಬಹುದು. ಸರಿಮಾಡುತ್ತೇನೆ ಅಂದರೆ, ಹೋಸ್ಟಿಂಗ್‌ನವರ ಸರ್ವರ್ ಬಿದ್ದ ದಿನ ಏನು ಮಾಡುತ್ತೀರಿ? ಆ 4 ಗಂಟೆ ಕೂಡ ಕೆಲಸದ ವೇಳೆಯ ಲೆಕ್ಕ ಅಂತ ಇರಲಿ.

ಪ್ರಿಂಟರ್‌ನವರು: ನಮ್ಮ ಎಎಂಸಿಯಲ್ಲಿ ಬಿಡಿಭಾಗ ಸೇರಿದೆಯಾ ಇಲ್ಲವಾ ಅನ್ನೋದೇ ಜಗಳ. ಅದನ್ನು ಮೊದಲು ನೋಡಿ.

ಹಳೇ ಫ್ರೀಲಾನ್ಸರ್: ಅವರು ಕೇಳಿದ್ದು ವೆಬ್‌ಸೈಟ್ ಬಗ್ಗೆ! ಆದರೂ ಮಾತು ಹೊಂದುತ್ತದೆ. ಪ್ಲಗಿನ್ ಲೈಸೆನ್ಸ್, ಡೊಮೇನ್, ಹೋಸ್ಟಿಂಗ್ ಹಣ ಯಾರದು ಅಂತ ಬರೆಯಲೇಬೇಕು.

ಅಂಗಡಿ ನಡೆಸುವವರು: ನಾನು ಆಚೆ ಕಡೆಯವಳು. ನಮ್ಮ ಸೈಟ್ ನಿಂತಾಗ ನೋಡಿಕೊಳ್ಳುವವರು 10 ದಿನ ಊರಲ್ಲಿರಲಿಲ್ಲ, ಪಾಸ್‌ವರ್ಡ್ ಅವರ ಹತ್ತಿರ ಮಾತ್ರ. ಈಗ ಅಡ್ಮಿನ್ ಖಾತೆ ನಮ್ಮ ಹೆಸರಲ್ಲಿ, ಅವರಿಗೆ ಬೇರೆ ಲಾಗಿನ್. ರಜೆಯಲ್ಲಿ ಯಾರು ನೋಡುತ್ತಾರೆ ಅನ್ನೋದೂ ಒಪ್ಪಂದದಲ್ಲಿದೆ.

ಕೇಳಿದವರು: ನಾನು ಹಾಕಿದ ಅಪ್‌ಡೇಟ್‌ನಿಂದಲೇ ಸೈಟ್ ಕೆಟ್ಟರೆ, ಸರಿಮಾಡುವ ಗಂಟೆ ಯಾರ ಲೆಕ್ಕ?

ಹಳೇ ಫ್ರೀಲಾನ್ಸರ್: ಬ್ಯಾಕಪ್‌ನಿಂದ ಹಿಂದಕ್ಕೆ ತರುವುದು ನನ್ನದು. ಪ್ಲಗಿನ್‌ನ ದೋಷ ಹುಡುಕುವುದು ಅವರ ಗಂಟೆ.

ಅಂಗಡಿ ನಡೆಸುವವರು: ನಾನಂತೂ ಇದಕ್ಕೆ ಸಹಿ ಹಾಕಲ್ಲ. ಪ್ಲಗಿನ್ ಆರಿಸಿದ್ದು ನೀವೇ ತಾನೇ?